ಪ್ರವಾಸ ರದ್ದಾಯ್ತು, ದುಡ್ಡು ಯಾವಾಗ ಬರುತ್ತೆ?

*ಮೇಡಂ, ದಾವಣಗೆರೆಯ ನಾವು ನಾಲ್ಕು ಜನ ಗೆಳತಿಯರು ಸೇರಿ ನವೆಂಬರ್ 22ರ ಭಾನುವಾರ ಚಿತ್ರದುರ್ಗ ಕೋಟೆಗೆ ಒಂದು ದಿನದ ಪ್ರವಾಸ ಇಟ್ಟುಕೊಂಡಿದ್ದೆವು. 46 ಸೀಟು, ತಲಾ 900 ರೂಪಾಯಿ. 22 ಮನೆಯವರು ನನ್ನ ನಂಬರಿಗೆ ಫೋನಲ್ಲೇ ಕಳಿಸಿದ್ದಾರೆ, 5 ಮನೆಯವರು ಕೈಯಲ್ಲಿ ಕೊಟ್ಟಿದ್ದಾರೆ. ಕೋಟೆ ಸುತ್ತಿಸಿ ಇತಿಹಾಸ ಹೇಳಬೇಕಿದ್ದವರು ಆಸ್ಪತ್ರೆ ಸೇರಿದ್ದಾರೆ ಅಂತ ಇವತ್ತು, ಸೋಮವಾರ ಗೊತ್ತಾಯಿತು. ಬಸ್ಸಿಗೆ 10,000, ಊಟಕ್ಕೆ 5,000 ಮುಂಗಡ ಕೊಟ್ಟಾಗಿದೆ. ವಾಟ್ಸಾಪ್ ಗುಂಪಿನಲ್ಲಿ ಇದನ್ನ ಹೇಗೆ ಹೇಳೋದು? ದುಡ್ಡು ಹೇಗೆ ವಾಪಸ್ ಮಾಡೋದು? ಕೆಲವರು ಸುಮ್ನೆ ಮುಂದೂಡಿದೀವಿ ಅನ್ನಿ ಅಂತಿದ್ದಾರೆ.*

ಇವತ್ತು ರಾತ್ರಿಯೇ ಗುಂಪಿಗೆ ಹಾಕಬೇಡಿ. ಮೊದಲು ಲೆಕ್ಕ ಮಾಡಿ, ನಾಳೆ ಮಂಗಳವಾರ ಸಂಜೆ ಹಾಕಿ. ನಿಮ್ಮ ಮೆಸೇಜಿನಲ್ಲಿ ಎಲ್ಲರೂ ಹುಡುಕುವುದು ಒಂದೇ ಒಂದು ವಿಷಯ: ನನ್ನ ದುಡ್ಡು ಎಷ್ಟು, ಯಾವ ದಿನ ಬರುತ್ತೆ? ಅದಕ್ಕೆ ತಾರೀಕು ಸಮೇತ ಉತ್ತರ ಕೊಡಲು ಆಗದಿದ್ದರೆ, ಉಳಿದದ್ದನ್ನು ಎಷ್ಟು ನಯವಾಗಿ ಬರೆದರೂ ಗುಂಪು ಗದ್ದಲವಾಗುತ್ತದೆ. ತಾರೀಕನ್ನು ಅಂದಾಜಿನಲ್ಲಿ ಹೇಳಿಬಿಟ್ಟರೆ ಇನ್ನೂ ಕಷ್ಟ, ಆಮೇಲೆ ಅದನ್ನು ಬದಲಾಯಿಸಬೇಕಾಗುತ್ತದೆ. ಹಾಗಂತ ಮಂಗಳವಾರ ದಾಟಿಸಲೂ ಬೇಡಿ. ಭಾನುವಾರಕ್ಕೆ ರಜೆ ಹಾಕಿದವರು, ಊರಿಂದ ನೆಂಟರನ್ನು ಕರೆದವರು ಇರುತ್ತಾರೆ. ಅವರಿಗೂ ಸಮಯ ಬೇಕಲ್ವಾ.

ಈಗ ಲೆಕ್ಕಕ್ಕೆ ಬನ್ನಿ. 46 ಸೀಟಿಗೆ 41,400 ರೂಪಾಯಿ ಬಂದಿದೆ. ಮುಂಗಡ ಹೋದದ್ದು 15,000. ಅಂದರೆ ನಿಮ್ಮ ಹತ್ತಿರ 26,400 ಇದೆ. ಸಾಮಾನ್ಯವಾಗಿ ಎಲ್ಲರೂ ಎಡವುವುದು ಇಲ್ಲೇ. ‘ಬಸ್ಸಿನವರು, ಅಡುಗೆಯವರು ಮುಂಗಡ ವಾಪಸ್ ಕೊಟ್ಟ ಮೇಲೆ ಎಲ್ಲರಿಗೂ ಕೊಡೋಣ’ ಅಂದುಕೊಳ್ಳುತ್ತಾರೆ. ಆ ಮುಂಗಡ ನೀವು ಮತ್ತು ಅವರು ಮಾಡಿಕೊಂಡ ವ್ಯವಹಾರ. ದುಡ್ಡು ಕಟ್ಟಿದವರು ಕಟ್ಟಿದ್ದು ನಿಮಗೆ, ಬಸ್ಸಿನ ಮಾಲೀಕರಿಗಲ್ಲ. ಅವರು ಈ ವಾರ ಕೊಡಬಹುದು, ಮುಂದಿನ ತಿಂಗಳ ಬಾಡಿಗೆಯಲ್ಲಿ ಮುರಿದುಕೊಳ್ಳಿ ಅನ್ನಬಹುದು, ಅರ್ಧ ಮಾತ್ರ ಕೊಡಬಹುದು. ಆ ತಾರೀಕು ನಿಮ್ಮ ಕೈಯಲ್ಲಿಲ್ಲ. ನಿಮ್ಮ ಕೈಯಲ್ಲಿ ಇಲ್ಲದ ತಾರೀಕಿನ ಮೇಲೆ 46 ಜನರಿಗೆ ಮಾತು ಕೊಡಬೇಡಿ. ನೀವು ನಾಲ್ಕು ಜನ ತಲಾ 3,750 ಹಾಕಿದರೆ ಆ 15,000 ತುಂಬುತ್ತದೆ. ಮುಂಗಡ ಎಷ್ಟು ವಾಪಸ್ ಬರುತ್ತದೋ ಅಷ್ಟನ್ನು ಆಮೇಲೆ ನಾಲ್ವರೂ ಹಂಚಿಕೊಳ್ಳಿ. ಬಸ್ಸಿನವರಿಗೆ, ಅಡುಗೆಯವರಿಗೆ ಮಾತ್ರ ಇವತ್ತೇ ಫೋನ್ ಮಾಡಿ. ಅಡುಗೆಯವರು ಇನ್ನೂ ಸಾಮಾನು ತಂದಿರುವುದಿಲ್ಲ, ಬಸ್ಸಿನವರಿಗೆ ಭಾನುವಾರಕ್ಕೆ ಬೇರೆ ಬಾಡಿಗೆ ಸಿಗಬಹುದು. ಒಂದೊಂದು ದಿನ ತಡವಾದಷ್ಟೂ ಮುಂಗಡ ವಾಪಸ್ ಕೇಳುವ ನಿಮ್ಮ ಮಾತಿನ ತೂಕ ಕಡಿಮೆಯಾಗುತ್ತದೆ.

ಒಂದು ವೇಳೆ ನಾಲ್ವರಿಗೂ ಅಷ್ಟು ದುಡ್ಡು ಈ ವಾರ ಹೊಂದಿಸಲು ಆಗದಿದ್ದರೆ? ಆಗ ಎರಡು ಕಂತು ಮಾಡಿ. ಆದರೆ ಮೊದಲು ಕೇಳಿದವರಿಗೆ ಪೂರ್ತಿ, ಸುಮ್ಮನಿದ್ದವರಿಗೆ ಆಮೇಲೆ ಅನ್ನುವ ಹಾಗೆ ಬೇಡ. ಇದ್ದ 26,400ನ್ನು ಎಲ್ಲರಿಗೂ ಸಮನಾಗಿ ಹಂಚಿ. ಸೀಟಿಗೆ 570ರಂತೆ ಈಗ, ಉಳಿದ 330 ಡಿಸೆಂಬರ್ 5ರೊಳಗೆ. ಎರಡೂ ತಾರೀಕು ಮೊದಲ ಮೆಸೇಜಿನಲ್ಲೇ ಇರಲಿ. ಜೋರಾಗಿ ಮಾತಾಡಿದವರಿಗೆ ಮೊದಲು ಕೊಟ್ಟಿರಿ ಅಂತ ಗೊತ್ತಾದ ಕ್ಷಣ ಎಲ್ಲರೂ ಜೋರಾಗುತ್ತಾರೆ, ಅವರ ತಪ್ಪೂ ಅಲ್ಲ ಅದು. ಇನ್ನು ‘ಖರ್ಚು ಕಳೆದು ಉಳಿದದ್ದು ಕೊಡುತ್ತೇವೆ’ ಅನ್ನುವ ಮಾತು. ದುಡ್ಡು ಕಟ್ಟಿಸಿಕೊಳ್ಳುವಾಗ ರದ್ದಾದರೆ ಇಷ್ಟು ಮುರಿದುಕೊಳ್ಳುತ್ತೇವೆ ಅಂತ ಬರೆದು ಹೇಳಿದ್ದರೆ ಮಾತ್ರ ಅದು ಸರಿ. ನೀವು ಹೇಳಿಲ್ಲ ಅಂತ ಕಾಣುತ್ತದೆ. ಹಾಗಾಗಿ ಪೂರ್ತಿ 900 ಕೊಡುವುದೇ ನ್ಯಾಯ.

ಇನ್ನು ದಿನಗಳನ್ನು ಲೆಕ್ಕ ಹಾಕಿ. ಫೋನಲ್ಲಿ ದುಡ್ಡು ಕಳಿಸಲು ದಿನಕ್ಕೆ ಮೊತ್ತದ ಮಿತಿ ಇರುವುದು ಎಲ್ಲರಿಗೂ ಗೊತ್ತು. ಎಷ್ಟು ಸಲ ಕಳಿಸಬಹುದು ಅನ್ನುವುದಕ್ಕೂ ಮಿತಿ ಇದೆ, ಅದು ಗೊತ್ತಾಗುವುದು ಅರ್ಧದಲ್ಲಿ ನಿಂತಾಗಲೇ. ಯುಪಿಐನಲ್ಲಿ ಸಾಮಾನ್ಯವಾಗಿ ಒಂದು ದಿನಕ್ಕೆ 20 ಸಲ, ಕೆಲವು ಬ್ಯಾಂಕುಗಳಲ್ಲಿ ಅದಕ್ಕಿಂತ ಕಡಿಮೆ. ಒಂದು ಆ್ಯಪ್ ಬಿಟ್ಟು ಇನ್ನೊಂದು ಆ್ಯಪಿಗೆ ಹೋದರೂ ಲೆಕ್ಕ ಒಂದೇ. ನೀವು 22 ಮನೆಗೆ ಕಳಿಸಬೇಕು. ಒಂದೇ ಸಂಜೆ ಕೂತರೆ ಕೊನೆಯಲ್ಲಿ ಕೆಲವರಿಗೆ ಹೋಗುವುದಿಲ್ಲ, ‘ಅವರಿಗೆ ಬಂತು, ನನಗೇಕೆ ಬಂದಿಲ್ಲ’ ಶುರುವಾಗುತ್ತದೆ. ಅದಕ್ಕೇ ಗುರುವಾರ 12 ಮನೆ, ಶುಕ್ರವಾರ 10 ಮನೆ ಅಂತ ಇಟ್ಟುಕೊಳ್ಳಿ. ನಿಮ್ಮ ಬ್ಯಾಂಕಿನ ಮಿತಿ ಇನ್ನೂ ಕಡಿಮೆ ಇದ್ದರೆ ಬುಧವಾರವನ್ನೂ ಸೇರಿಸಿಕೊಳ್ಳಿ. ಕೈಯಲ್ಲಿ ಕೊಟ್ಟ ಐದು ಮನೆಗೆ ಶನಿವಾರ ಸಂಜೆ. ಎಲ್ಲ ಶನಿವಾರಕ್ಕೆ ಮುಗಿಯುತ್ತದೆ. ಗುಂಪಿಗೆ ಹೇಳುವ ಕೊನೆಯ ತಾರೀಕು ಮಾತ್ರ ಸೋಮವಾರ 23 ಇರಲಿ. ಒಂದೆರಡು ಪಾವತಿ ಸಿಕ್ಕಿಹಾಕಿಕೊಂಡರೂ ನೀವು ಆಡಿದ ಮಾತು ಉಳಿಯುತ್ತದೆ.

ಇಷ್ಟು ಕಾಗದದ ಮೇಲೆ ಬಂದ ಮೇಲೆ ಮೆಸೇಜ್ ಬರೆಯಿರಿ. ‘ಮುಂದೂಡಿದೀವಿ’ ಅನ್ನಬೇಡಿ. ಅದು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಹೊಸ ತಾರೀಕು ಇಲ್ಲದೆ ಮುಂದೂಡಿದರೆ, ದುಡ್ಡು ಕೇಳಬೇಕೋ ಬೇಡವೋ ಅಂತ ಜನರಿಗೆ ತಿಳಿಯುವುದಿಲ್ಲ. ಕೇಳಿದವರು ಜಿಪುಣರಂತೆ ಕಾಣುತ್ತಾರೆ, ಕೇಳದವರು ಒಳಗೊಳಗೇ ಬೇಜಾರಾಗುತ್ತಾರೆ. ಕೆಟ್ಟದಾದರೂ ಸರಿ, ‘ರದ್ದಾಗಿದೆ’ ಅಂತಲೇ ಬರೆಯಿರಿ. ಮುಂದೆ ಯಾವತ್ತಾದರೂ ಮಾಡಿದರೆ ಅದು ಹೊಸ ಪ್ರವಾಸ, ಹೊಸ ದುಡ್ಡು.

‘ಅನಿವಾರ್ಯ ಕಾರಣಗಳಿಂದ’ ಅನ್ನುವುದನ್ನೂ ಬಿಡಿ. ಅದನ್ನು ಓದಿದ ಕೂಡಲೇ ಹತ್ತು ಜನ ಕಾರಣ ಏನು ಅಂತ ಕೇಳುತ್ತಾರೆ, ಇನ್ನು ಹತ್ತು ಜನ ತಾವೇ ಒಂದು ಕಾರಣ ಹುಟ್ಟಿಸುತ್ತಾರೆ. ಇನ್ನೊಂದು ತುದಿಗೂ ಹೋಗಬೇಡಿ. ನಿಮ್ಮ ಮಾರ್ಗದರ್ಶಕರು ಆಸ್ಪತ್ರೆಯಲ್ಲಿದ್ದಾರೆ, ಯಾವ ವಾರ್ಡು, ಏನಾಗಿದೆ ಅನ್ನುವುದು ಅವರ ಮನೆಯ ವಿಷಯ. ಅವರನ್ನು ಕೇಳದೆ 46 ಜನರ ಗುಂಪಿಗೆ ಹಾಕುವುದು ಸರಿಯಲ್ಲ. ‘ಅವರಿಗೆ ಆ ದಿನ ಬರಲು ಆಗುತ್ತಿಲ್ಲ’ ಅಂದರೆ ಸಾಕು, ಅದು ನಿಜವೂ ಹೌದು. ‘ಆದಷ್ಟು ಬೇಗ’, ‘ಶೀಘ್ರದಲ್ಲೇ’, ‘ಹಂತ ಹಂತವಾಗಿ’ ಅನ್ನುವ ಮಾತುಗಳ ಜಾಗದಲ್ಲೆಲ್ಲ ವಾರ ಮತ್ತು ತಾರೀಕು ಎರಡೂ ಬರಲಿ. ಬರೀ ‘ಗುರುವಾರ’ ಅಂದರೆ ಮೆಸೇಜನ್ನು ಎರಡು ದಿನ ಬಿಟ್ಟು ಓದಿದವರು ಯಾವ ಗುರುವಾರ ಅಂತ ಕೇಳುತ್ತಾರೆ.

ನಾನಾದರೆ ಹೀಗೆ ಬರೆಯುತ್ತೇನೆ:

“ಎಲ್ಲರಿಗೂ ನಮಸ್ಕಾರ. ಭಾನುವಾರ, ನವೆಂಬರ್ 22ರ ಚಿತ್ರದುರ್ಗ ಕೋಟೆ ಪ್ರವಾಸ ರದ್ದಾಗಿದೆ. ಕೋಟೆ ತೋರಿಸಬೇಕಿದ್ದವರಿಗೆ ಆ ದಿನ ಬರಲು ಆಗುತ್ತಿಲ್ಲ.

ನೀವು ಕಟ್ಟಿದ ದುಡ್ಡು ಪೂರ್ತಿ ವಾಪಸ್ ಬರುತ್ತದೆ, ಸೀಟಿಗೆ 900 ರೂಪಾಯಿ. ಕೊನೆಯ ದಿನ ಸೋಮವಾರ, ನವೆಂಬರ್ 23, ರಾತ್ರಿ 8 ಗಂಟೆ.

ಫೋನಲ್ಲಿ ಕಳಿಸಿದವರಿಗೆ ಗುರುವಾರ 19 ಮತ್ತು ಶುಕ್ರವಾರ 20ರಂದು, ಯಾವ ಖಾತೆಯಿಂದ ಬಂದಿತ್ತೋ ಅದೇ ಖಾತೆಗೆ ಕಳಿಸುತ್ತೇನೆ. ನೀವು ಏನೂ ಮಾಡಬೇಕಾಗಿಲ್ಲ. ಕೈಯಲ್ಲಿ ಕೊಟ್ಟವರು ಶನಿವಾರ 21ರಂದು ಸಂಜೆ 4ರಿಂದ 7ರೊಳಗೆ ವಿದ್ಯಾನಗರದ ನಮ್ಮ ಮನೆಗೆ ಬನ್ನಿ.

ಖಾತೆ ಬದಲಾಗಿದ್ದರೆ ಬುಧವಾರ 18ರ ರಾತ್ರಿ 9 ಗಂಟೆಯೊಳಗೆ ನನಗೆ ಒಬ್ಬಳಿಗೇ ತಿಳಿಸಿ. ಖಾತೆ ನಂಬರ್ ಇಲ್ಲಿ ಹಾಕಬೇಡಿ. ನಾವು ಯಾರೂ ನಿಮ್ಮ ಪಿನ್, ಓಟಿಪಿ ಕೇಳುವುದಿಲ್ಲ, ಕ್ಯೂಆರ್ ಅಥವಾ ಲಿಂಕ್ ಕಳಿಸುವುದಿಲ್ಲ.

ನಿಮ್ಮ ಭಾನುವಾರ ಕೆಟ್ಟಿತು. ಅದಕ್ಕೆ ನಾಲ್ವರೂ ಕ್ಷಮೆ ಕೇಳುತ್ತೇವೆ.”

ಕ್ಷಮೆ ಕೊನೆಯಲ್ಲಿ, ಅದೂ ಒಂದೇ ಸಲ ಇದೆ ನೋಡಿ. ಮೊದಲ ಮೂರು ಸಾಲು ಕ್ಷಮೆ ಕೇಳುತ್ತಾ ಹೋದರೆ ಓದುವವರಿಗೆ ಗಾಬರಿಯಾಗುತ್ತದೆ, ದುಡ್ಡು ಹೋಯ್ತಾ ಅನಿಸುತ್ತದೆ. ಫೋನಿನ ಮೇಲೆ ಕಾಣುವ ಮೊದಲ ಎರಡು ಸಾಲಿನಲ್ಲೇ ‘ರದ್ದಾಗಿದೆ’ ಅನ್ನುವುದು ಸಿಗಬೇಕು. ಮುಂದಿನ ತುಂಡಿನಲ್ಲಿ ‘ಪೂರ್ತಿ ವಾಪಸ್’. ಈ ಎರಡು ಸಿಕ್ಕರೆ ಹೆಚ್ಚಿನವರು ಸಮಾಧಾನದಿಂದ ಉಳಿದದ್ದನ್ನು ಓದುತ್ತಾರೆ.

ಕ್ಯೂಆರ್, ಪಿನ್ ಮಾತು ಸುಮ್ನೆ ಸೇರಿಸಿದ್ದಲ್ಲ. ದುಡ್ಡು ವಾಪಸ್ ಬರುತ್ತದೆ ಅಂತ ಕಾಯುತ್ತಿರುವವರಿಗೆ ಮೋಸ ಮಾಡುವುದು ಸುಲಭ. ‘ಪ್ರವಾಸದ ರೀಫಂಡ್, ಇದನ್ನ ಸ್ಕ್ಯಾನ್ ಮಾಡಿ’ ಅಂತ ಒಂದು ಚಿತ್ರ ಬರುತ್ತದೆ. ಯುಪಿಐನಲ್ಲಿ ದುಡ್ಡು ಪಡೆಯಲು ಪಿನ್ ಒತ್ತಬೇಕಾಗಿಲ್ಲ. ಪಿನ್ ಕೇಳಿತು ಅಂದರೆ ನಿಮ್ಮಿಂದ ದುಡ್ಡು ಹೋಗುತ್ತಿದೆ ಅಂತಲೇ ಅರ್ಥ. ಗುಂಪಿನಲ್ಲಿ ವಯಸ್ಸಾದವರಿದ್ದರೆ ಅವರಿಗೆ ಫೋನ್ ಮಾಡಿ ಈ ಒಂದು ಮಾತು ಬಾಯಲ್ಲೇ ಹೇಳಿ.

ಮಂಗಳವಾರ ಸಂಜೆ ಏಳರ ಹೊತ್ತಿಗೆ ಹಾಕಿ. ಹಾಕಿದ ಮೇಲೆ ಒಂದು ಗಂಟೆ ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ನಾಲ್ವರಲ್ಲಿ ಒಬ್ಬರೇ ಉತ್ತರ ಕೊಡಲಿ. ನಾಲ್ಕು ಜನ ನಾಲ್ಕು ರೀತಿ ಹೇಳಿದರೆ ತಾರೀಕೂ ನಾಲ್ಕಾಗುತ್ತದೆ. ಹಾಕುವ ಮೊದಲು ಇನ್ನೊಬ್ಬರ ಹತ್ತಿರ ತಾರೀಕು, ವಾರ ಓದಿಸಿ. ವಾಟ್ಸಾಪಿನಲ್ಲಿ ಕಳಿಸಿದ ಮೆಸೇಜ್ ತಿದ್ದಲು 15 ನಿಮಿಷ ಮಾತ್ರ ಅವಕಾಶ. ಅದಾದ ಮೇಲೆ ತಪ್ಪು ತಾರೀಕು ಹಾಗೇ ಉಳಿಯುತ್ತದೆ, ಜನ ಅದನ್ನೇ ಫಾರ್ವರ್ಡ್ ಮಾಡುತ್ತಾರೆ. ಕಳಿಸಿದ ಕೂಡಲೇ ಮೆಸೇಜನ್ನು 7 ದಿನಕ್ಕೆ ಪಿನ್ ಮಾಡಿ. ಸೋಮವಾರ 23ರವರೆಗೂ ಅದು ಮೇಲೇ ಇರುತ್ತದೆ.

ಅಡ್ಮಿನ್ ಮಾತ್ರ ಬರೆಯುವ ಹಾಗೆ ಗುಂಪನ್ನು ಬಂದ್ ಮಾಡಬೇಕಾ ಅಂತ ತುಂಬ ಜನ ಕೇಳುತ್ತಾರೆ. ಮಾಡಬೇಡಿ ಅಂತಲೇ ನಾನು ಹೇಳುವುದು. ದುಡ್ಡು ಕಟ್ಟಿದವರ ಬಾಯಿ ಮುಚ್ಚಿಸಿದ ಹಾಗಾಗುತ್ತದೆ, ಅವರು ನಿಮ್ಮನ್ನು ಬಿಟ್ಟು ಇನ್ನೊಂದು ಗುಂಪು ಮಾಡಿಕೊಂಡು ಅಲ್ಲಿ ಮಾತಾಡುತ್ತಾರೆ. ಅಲ್ಲಿ ಏನು ನಡೆಯುತ್ತಿದೆ ಅಂತಲೂ ನಿಮಗೆ ತಿಳಿಯುವುದಿಲ್ಲ. ಒಬ್ಬರು ‘ದುಡ್ಡಲ್ಲ ಅಕ್ಕಾ, ಮಕ್ಕಳಿಗೆ ಓಬವ್ವನ ಕಿಂಡಿ ತೋರಿಸ್ತೀನಿ ಅಂತ ಹೇಳಿಬಿಟ್ಟಿದ್ದೆ’ ಅನ್ನುತ್ತಾರೆ. ಅವರಿಗೆ ಸಮಜಾಯಿಷಿ ಬೇಕಾಗಿಲ್ಲ. ‘ಗೊತ್ತು, ಮಕ್ಕಳಿಗೆ ಬೇಜಾರಾಗಿರುತ್ತೆ. ನಿಮ್ಮ ನಾಲ್ಕು ಸೀಟಿನ 3,600 ಗುರುವಾರ 19ಕ್ಕೆ ಬರುತ್ತೆ’ ಅಂದರೆ ಮಾತು ಮುಗಿಯಿತು. ಇನ್ನೊಬ್ಬರು ‘ಮೊದಲೇ ಗೊತ್ತಿರಲಿಲ್ವಾ?’ ಅನ್ನುತ್ತಾರೆ. ‘ಸೋಮವಾರ ಗೊತ್ತಾಯಿತು, ಮಂಗಳವಾರ ತಿಳಿಸಿದೆವು’ ಅನ್ನಿ, ಅಲ್ಲಿಗೆ ಬಿಡಿ. ಅದೇ ಪ್ರಶ್ನೆ ಮತ್ತೆ ಬಂದರೆ ಮತ್ತೆ ಉತ್ತರ ಬರೆಯುವ ಬದಲು ಅವರಿಗೆ ಫೋನ್ ಮಾಡಿ.

ಒಬ್ಬಿಬ್ಬರು ಒಳ್ಳೆಯ ಮನಸ್ಸಿನಿಂದ ‘ನನ್ನ ದುಡ್ಡು ನಿಮ್ಮ ಹತ್ತಿರಾನೇ ಇರಲಿ, ಮುಂದಿನ ಸಲಕ್ಕೆ ಆಯ್ತು’ ಅನ್ನುತ್ತಾರೆ. ಪ್ರೀತಿಯಿಂದಲೇ ಬೇಡ ಅನ್ನಿ. ಒಬ್ಬರದು ಇಟ್ಟುಕೊಂಡರೆ ಉಳಿದವರು ತಾವೂ ಹಾಗೆ ಹೇಳಬೇಕೇನೋ ಅಂತ ಇಕ್ಕಟ್ಟಿಗೆ ಸಿಗುತ್ತಾರೆ. ಲೆಕ್ಕವೂ ಮುಗಿಯುವುದಿಲ್ಲ. ಮುಂದಿನ ಪ್ರವಾಸಕ್ಕೆ ದರ ಬದಲಾದರೆ ಆ 900ಕ್ಕೆ ಏನು ಮಾಡುತ್ತೀರಿ?

ಬುಧವಾರ ಕೂತು ಪಟ್ಟಿ ಸರಿ ಮಾಡಿ. ಪಟ್ಟಿ ಸೀಟಿನದ್ದಲ್ಲ, ಪಾವತಿಯದ್ದು. 46 ಹೆಸರು ಇಟ್ಟುಕೊಂಡರೆ ತಪ್ಪುತ್ತೀರಿ, 27 ಸಾಲು ಇರಬೇಕು. ಒಬ್ಬರು ತಮಗೆ, ಅತ್ತಿಗೆಗೆ, ಪಕ್ಕದ ಮನೆಯವರಿಗೆ ಸೇರಿಸಿ 2,700 ಕಳಿಸಿದ್ದರೆ ಅಷ್ಟೂ ಅವರಿಗೇ ವಾಪಸ್ ಹೋಗಬೇಕು. ‘ನನ್ನ 900 ನನಗೇ ಹಾಕಿ’ ಅಂತ ಪಕ್ಕದ ಮನೆಯವರು ಕೇಳಬಹುದು. ಅವರು ಇವರಿಗೆ ದುಡ್ಡು ಕೊಟ್ಟಿದ್ದರೋ ಇಲ್ಲವೋ ನಿಮಗೆ ಗೊತ್ತಿಲ್ಲ. ಬಂದ ದಾರಿಯಲ್ಲೇ ಹೋಗಲಿ, ಅವರವರಲ್ಲಿ ಅವರು ಸರಿ ಮಾಡಿಕೊಳ್ಳುತ್ತಾರೆ. ನಿಮ್ಮ ಲೆಕ್ಕದಲ್ಲಿ ಫೋನಿನ 22 ಸಾಲು ಕೂಡಿದರೆ 39 ಸೀಟು, 35,100 ಬಂತು ಅಂದುಕೊಳ್ಳಿ. ಹಾಗಾದರೆ ಕೈಯಲ್ಲಿ ಕೊಟ್ಟ 5 ಸಾಲು 7 ಸೀಟು, 6,300 ಆಗಲೇಬೇಕು. ಆಗದಿದ್ದರೆ ಯಾರದೋ ಒಂದು ಸೀಟು ಎಲ್ಲೋ ತಪ್ಪಿದೆ. ಅದನ್ನು ಹುಡುಕಿದ ಮೇಲೆಯೇ ಕಳಿಸಲು ಶುರುಮಾಡಿ.

ಕಳಿಸುವಾಗ ನಂಬರ್ ಹೊಸದಾಗಿ ಒತ್ತಬೇಡಿ. ಹಳೆಯ ಪಾವತಿ ನೋಡಿ, ಅವರು ನಿಮಗೆ ಕಳಿಸಿದ್ದರ ಮೇಲೆ ಒತ್ತಿ, ಅಲ್ಲಿಂದಲೇ ವಾಪಸ್ ಕಳಿಸಿ. ಬ್ಯಾಂಕಿನಲ್ಲಿರುವ ಅವರ ಹೆಸರು ಪರದೆ ಮೇಲೆ ಬರುತ್ತದೆ, ಅದನ್ನು ಪಟ್ಟಿಯ ಹೆಸರಿನ ಜೊತೆ ಒಂದು ಸಲ ನೋಡಿ. ‘ಕೋಟೆ ಪ್ರವಾಸ ವಾಪಸ್, 3 ಸೀಟು’ ಅಂತ ಟಿಪ್ಪಣಿ ಬರೆಯಿರಿ. ಪ್ರತಿ ಪಾವತಿಗೂ 12 ಅಂಕಿಯ ಒಂದು ಯುಟಿಆರ್ ನಂಬರ್ ಬರುತ್ತದೆ. ಅದನ್ನು ಅದೇ ಸಾಲಿನಲ್ಲಿ ಬರೆದುಕೊಳ್ಳಿ. ಖಾತೆ ಬದಲಾಗಿದೆ ಅಂತ ಮೆಸೇಜ್ ಮಾಡಿದವರಿಗೆ ನಿಮ್ಮ ಹತ್ತಿರ ಮೊದಲಿಂದ ಇರುವ ನಂಬರಿಗೆ ಫೋನ್ ಮಾಡಿ, ಅವರ ದನಿ ಕೇಳಿ. ಆಮೇಲೆ ಒಂದು ರೂಪಾಯಿ ಕಳಿಸಿ. ಬಂತು ಅಂದ ಮೇಲೆ ಉಳಿದ 899.

ಈ ಕೆಲಸದಲ್ಲಿ ದುಡ್ಡು ನಿಜವಾಗಿ ಕಳೆಯುವುದು ‘ಪೆಂಡಿಂಗ್’ ಬಂದಾಗ. ನಿಮ್ಮ ಖಾತೆಯಿಂದ ಹೋಗಿದೆ, ಅವರಿಗೆ ಬಂದಿಲ್ಲ. ಅವರು ಕೇಳುತ್ತಾರೆ, ನಿಮಗೆ ನಾಚಿಕೆಯಾಗಿ ಇನ್ನೊಂದು ಸಲ ಕಳಿಸುತ್ತೀರಿ. ಮರುದಿನ ಎರಡೂ ಅವರಿಗೆ ಹೋಗಿರುತ್ತದೆ. ಕಾಯಿರಿ. ರಿಸರ್ವ್ ಬ್ಯಾಂಕ್ 2019ರಲ್ಲಿ ಮಾಡಿದ ನಿಯಮದ ಪ್ರಕಾರ ಒಬ್ಬರಿಂದ ಒಬ್ಬರಿಗೆ ಕಳಿಸಿದ ಯುಪಿಐ ದುಡ್ಡು ಅವರಿಗೆ ಸೇರದಿದ್ದರೆ ಮರುದಿನದೊಳಗೆ ತಾನಾಗಿ ನಿಮ್ಮ ಖಾತೆಗೆ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಬ್ಯಾಂಕು ಪರಿಹಾರ ಕೊಡಬೇಕು. ಆ ವ್ಯಕ್ತಿಗೆ ಯುಟಿಆರ್ ನಂಬರ್ ಕಳಿಸಿ, ‘ಶುಕ್ರವಾರ ಕಳಿಸಿದ್ದು ಸಿಕ್ಕಿಕೊಂಡಿದೆ. ಭಾನುವಾರ ಬೆಳಿಗ್ಗೆ ನೋಡುತ್ತೇನೆ, ವಾಪಸ್ ಬಂದಿದ್ದರೆ ಆಗಲೇ ಮತ್ತೆ ಕಳಿಸುತ್ತೇನೆ’ ಅಂತ ದಿನ ಹೇಳಿ. ಸೋಮವಾರ 23 ಅಂತ ಕೊನೆಯ ತಾರೀಕು ಇಟ್ಟದ್ದು ಇದಕ್ಕೇ. ಆದರೂ ಆಗದಿದ್ದರೆ ನಿಮ್ಮ ಬ್ಯಾಂಕಿಗೆ ಆ ನಂಬರ್ ಸಮೇತ ದೂರು ಕೊಡಿ. ಬ್ಯಾಂಕಿಗೆ ಹೋಗಬೇಕಾದರೆ ಮುಂದಿನ ಶನಿವಾರ, 28 ನಾಲ್ಕನೇ ಶನಿವಾರ ಅನ್ನುವುದು ನೆನಪಿರಲಿ, ಅವತ್ತು ಬಾಗಿಲು ತೆಗೆಯುವುದಿಲ್ಲ.

ಗುರುವಾರ ರಾತ್ರಿ ಗುಂಪಿಗೆ ಒಂದು ಸಾಲು: ‘ಇವತ್ತು 12 ಮನೆಗೆ ಕಳಿಸಿದೆ, ನಾಳೆ ಉಳಿದ 10.’ ಹೆಸರು, ಮೊತ್ತ ಹಾಕಬೇಡಿ. ಯಾರು ಯಾರ ಜೊತೆ ಬರುತ್ತಿದ್ದರು, ಯಾರು ಯಾರಿಗೆ ಕಟ್ಟಿದ್ದರು ಅನ್ನುವುದು ಎಲ್ಲರಿಗೂ ಗೊತ್ತಾಗಬೇಕಾಗಿಲ್ಲ. ಸ್ಕ್ರೀನ್‌ಶಾಟನ್ನು ಆಯಾ ಮನೆಯವರಿಗೆ ಮಾತ್ರ ಕಳಿಸಿ. ಶನಿವಾರ ಕೈಯಲ್ಲಿ ಕೊಡುವಾಗ ಒಂದು ನೋಟ್‌ಬುಕ್ಕಿನಲ್ಲಿ ಸೀಟು, ಮೊತ್ತ, ತಾರೀಕು ಬರೆದು ಸಹಿ ಹಾಕಿಸಿಕೊಳ್ಳಿ. ಪರಿಚಯದವರು ಅಂತ ಸಂಕೋಚ ಬೇಡ.

ಇದರ ಮಧ್ಯೆ ಒಂದು ಕೆಲಸ ಮರೆಯುವ ಹಾಗಿಲ್ಲ. ಗುಂಪಿನಲ್ಲಿ ಹಾಕಿದ ಮಾತ್ರಕ್ಕೆ ಎಲ್ಲರೂ ನೋಡಿದರು ಅಂತ ಅಲ್ಲ. ನಿಮ್ಮ ಮೆಸೇಜನ್ನು ಒತ್ತಿ ಹಿಡಿದು ಮಾಹಿತಿ ತೆರೆದರೆ ಯಾರು ಓದಿದ್ದಾರೆ, ಯಾರಿಗೆ ಬರೀ ತಲುಪಿದೆ ಅಂತ ತೋರಿಸುತ್ತದೆ. ನೀಲಿ ಗೆರೆ ಮುಚ್ಚಿಟ್ಟವರದ್ದೂ ಗುಂಪಿನಲ್ಲಿ ಕಾಣುತ್ತದೆ. ಗುರುವಾರ ಸಂಜೆ ಅದನ್ನು ನೋಡಿ, ಓದದವರಿಗೆಲ್ಲ ಫೋನ್ ಮಾಡಿ. ಒಬ್ಬರು ಕಟ್ಟಿ ಇಬ್ಬರು ಬರುವವರಿದ್ದರೆ ಆ ಇನ್ನೊಬ್ಬರಿಗೂ ಹೇಳಿದ್ದಾರಾ ಕೇಳಿ, ಎಷ್ಟೋ ಸಲ ಅವರು ಗುಂಪಿನಲ್ಲೇ ಇರುವುದಿಲ್ಲ. ಇಲ್ಲದಿದ್ದರೆ ಭಾನುವಾರ ಬೆಳಗಿನ ಆರು ಗಂಟೆಗೆ ಜಯದೇವ ವೃತ್ತದಲ್ಲಿ ಬುತ್ತಿ ಕಟ್ಟಿಕೊಂಡು ಯಾರಾದರೂ ಬಸ್ಸಿಗೆ ಕಾಯುತ್ತಿರುತ್ತಾರೆ.

ಸೋಮವಾರ 23ರ ರಾತ್ರಿ 8 ಗಂಟೆಗೆ, ಎಲ್ಲ ಮುಗಿದಿರಲಿ ಬಿಡಲಿ, ಮೆಸೇಜ್ ಹೋಗಲೇಬೇಕು. ಮುಗಿದಿದ್ದರೆ: ‘46 ಸೀಟಿನ 41,400 ರೂಪಾಯಿ ಪೂರ್ತಿ ವಾಪಸ್ ಕೊಟ್ಟಿದ್ದೇವೆ. ಯಾರಿಗಾದರೂ ಬಂದಿಲ್ಲ ಅಂದರೆ ಬುಧವಾರ 25ರೊಳಗೆ ನನಗೆ ತಿಳಿಸಿ.’ ಉಳಿದಿದ್ದರೆ: ‘ಒಂದು ಮನೆಯವರದು ಬ್ಯಾಂಕಿನಲ್ಲಿ ಸಿಕ್ಕಿಕೊಂಡಿದೆ, ಅವರ ಜೊತೆ ಮಾತಾಡಿದ್ದೇನೆ, ಉಳಿದ ಎಲ್ಲರದೂ ಆಗಿದೆ.’ ಕೈಯಲ್ಲಿ ಕೊಟ್ಟವರಲ್ಲಿ ಯಾರಾದರೂ ಶನಿವಾರ ಬಾರದೇ ಇದ್ದರೆ ಅವರ ದುಡ್ಡನ್ನು ಲಕೋಟೆಯಲ್ಲಿ ಹೆಸರು ಬರೆದು ಬೇರೆ ಇಡಿ. ಅವರ ಮನೆಗೇ ಹೋಗಿ ಕೊಟ್ಟು ಸಹಿ ತನ್ನಿ, ಮತ್ತೆ ಬನ್ನಿ ಅನ್ನಬೇಡಿ. ಗುಂಪನ್ನು ಡಿಸೆಂಬರ್ ಮುಗಿಯುವವರೆಗೆ ಹಾಗೇ ಬಿಡಿ. ಕೆಲವರು ಪಾಸ್‌ಬುಕ್ ಎಂಟ್ರಿ ಹಾಕಿಸಿದ ಮೇಲೆಯೇ ನೋಡುವುದು, ಆಗ ಕೇಳಲು ಅವರಿಗೆ ಒಂದು ಜಾಗ ಬೇಕು.